ಮನೆ ಕಾಣ್ತಿದೆ, ದಾರಿ ಇಲ್ಲ: ಡ್ರೈವರ್‌ಗೆ ಸರಿಯಾದ ಲೊಕೇಶನ್ ಕಳಿಸುವುದು ಹೇಗೆ?

ಊರ ಮನೆಯಲ್ಲಿ ತಮ್ಮನ ಮಗನ ಉಪನಯನ. ಹಿಂದಿನ ದಿನ ಸಂಜೆ ಸಾಗರದಿಂದ ಶಾಮಿಯಾನ, ಕುರ್ಚಿ ಹೊತ್ತ ಗಾಡಿ ಬರಬೇಕಿತ್ತು. ಲೊಕೇಶನ್ ಕಳಿಸಿದವನು ನಾನೇ. ಏಳೂವರೆಗೆ ಡ್ರೈವರ್ ಫೋನ್ ಮಾಡಿದ. ‘ಸಾರ್, ನಿಮ್ಮನೆ ಲೈಟು ಕಾಣ್ತಾ ಇದೆ. ಜನ ಓಡಾಡೋದೂ ಕಾಣ್ತಾ ಇದೆ. ಆದ್ರೆ ಮುಂದೆ ರಸ್ತೆನೇ ಇಲ್ಲ!’

ಅಂಗಳದ ತುದಿಗೆ ಹೋಗಿ ನೋಡಿದೆ. ಹಳ್ಳದ ಆಚೆ ದಡದಲ್ಲಿ ಗಾಡಿಯ ಹೆಡ್‌ಲೈಟು ಉರಿಯುತ್ತಿತ್ತು. ಕೂಗಿದರೆ ಕೇಳುವಷ್ಟು ಹತ್ತಿರ. ನಡುವೆ ಇರುವುದು ಒಂದು ಕಾಲುಸಂಕ, ಅಷ್ಟೇ. ಗಾಡಿ ಈಚೆ ಬರಬೇಕಾದರೆ ಹಿಂದೆ ಹೋಗಿ ಏಳು ಕಿಲೋಮೀಟರ್ ಸುತ್ತಬೇಕು.

ತಮಾಷೆ ಏನೆಂದರೆ, ನಾನು ಕಳಿಸಿದ ಪಿನ್ ತಪ್ಪಿರಲಿಲ್ಲ. ಸರಿಯಾಗಿ ನಮ್ಮ ಮನೆಯ ಹಂಚಿನ ಮೇಲೇ ಇತ್ತು. ಅದೇ ಎಡವಟ್ಟಾಗಿದ್ದು.

ನಮ್ಮ ಕಡೆ ವಿಳಾಸ ಎಂದರೆ ಮನೆ ಹೆಸರು, ಊರು, ಅಂಚೆ, ತಾಲ್ಲೂಕು. ಪೋಸ್ಟ್‌ಮ್ಯಾನ್‌ಗೆ ಅಷ್ಟು ಸಾಕು, ಹೊರಗಿನ ಡ್ರೈವರ್‌ಗೆ ಸಾಲದು. ಒಮ್ಮೆ ಯಾರೋ ‘ಪಿನ್ ಕಳಿಸಿ’ ಅಂದಿದ್ದಕ್ಕೆ ನಮ್ಮ ದೊಡ್ಡಪ್ಪ 577401 ಎಂದು ಕಳಿಸಿದ್ದರು. ಇಲ್ಲಿ ಹೇಳುತ್ತಿರುವುದು ಅಂಚೆಯ ಪಿನ್ ಅಲ್ಲ, ಮ್ಯಾಪಿನ ಮೇಲೆ ಬೀಳುವ ಕೆಂಪು ಪಿನ್ನು.

ಮೊದಲು: ಪಿನ್ ಎಲ್ಲಿ ಹಾಕಬೇಕು?

ಗೂಗಲ್ ಮ್ಯಾಪ್‌ಗೆ ನೀವು ಒಂದು ಬಿಂದು ಕೊಟ್ಟರೆ, ಅದು ತನಗೆ ಗೊತ್ತಿರುವ ರಸ್ತೆಗಳಲ್ಲಿ ಆ ಬಿಂದುವಿಗೆ ಹತ್ತಿರದ್ದು ಯಾವುದು ಎಂದು ಹುಡುಕುತ್ತದೆ. ಗಾಡಿಯನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ. ನಮ್ಮ ಮನೆಗೆ ಬರುವ ಮಣ್ಣಿನ ರಸ್ತೆ ಮ್ಯಾಪಿನಲ್ಲಿ ಇಲ್ಲ. ಹಳ್ಳದ ಆಚೆಯ ಡಾಂಬರು ರಸ್ತೆ ಇದೆ. ಮ್ಯಾಪಿನ ಲೆಕ್ಕದಲ್ಲಿ ಅದೇ ಹತ್ತಿರ. ನಡುವೆ ಹಳ್ಳ ಇದೆಯೋ, ತೋಟದ ಬೇಲಿ ಇದೆಯೋ, ಧರೆ ಇದೆಯೋ ಅದಕ್ಕೆ ಬೇಕಿಲ್ಲ.

ಹಾಗಾಗಿ ಪಿನ್ ಹಾಕಬೇಕಾದ್ದು ಮನೆಯ ಮೇಲಲ್ಲ, ಗಾಡಿ ನಿಲ್ಲುವ ಜಾಗದ ಮೇಲೆ. ಗೇಟಿನವರೆಗೂ ಮ್ಯಾಪಿನಲ್ಲಿ ರಸ್ತೆ ಇದ್ದರೆ ಗೇಟಿನ ಎದುರು, ರಸ್ತೆಯ ಗೆರೆಯ ಮೇಲೇ. ಇಲ್ಲದಿದ್ದರೆ ಮ್ಯಾಪಿಗೆ ಗೊತ್ತಿರುವ ರಸ್ತೆಯಿಂದ ನಿಮ್ಮ ಮಣ್ಣಿನ ದಾರಿ ಒಡೆಯುವ ಕ್ರಾಸಿನ ಮೇಲೆ. ಅಲ್ಲಿಂದ ಮುಂದಿನದನ್ನು ಬಾಯಿಮಾತಲ್ಲಿ ಹೇಳಬಹುದು. ಕೆಲವರು ಕ್ರಾಸಿಗೊಂದು, ಮನೆಗೊಂದು ಎಂದು ಎರಡು ಪಿನ್ ಕಳಿಸುತ್ತಾರೆ. ನನಗೆ ಅದು ಸರಿ ಬರುವುದಿಲ್ಲ. ಡ್ರೈವರ್ ಯಾವುದನ್ನು ಒತ್ತುತ್ತಾನೋ ಹೇಳಲಾಗದು, ಸಾಮಾನ್ಯವಾಗಿ ಕೊನೆಗೆ ಬಂದದ್ದನ್ನೇ ಒತ್ತುತ್ತಾನೆ.

ಪಿನ್ ಹಾಕುವುದು

ನೀವು ಊರಲ್ಲೇ ಇದ್ದರೆ ಆ ಜಾಗಕ್ಕೆ ನಡೆದುಹೋಗಿ ನಿಲ್ಲಿ. ಮನೆಯೊಳಗೆ ಕೂತು ಮಾಡಬೇಡಿ. ಫೋನಿನ ಜಿಪಿಎಸ್‌ಗೆ ಆಕಾಶ ಕಾಣಬೇಕು. ಬಯಲಲ್ಲಿ ಅದು ಸುಮಾರು ಐದು ಮೀಟರ್ ಒಳಗೆ ಸರಿ ಹೇಳುತ್ತದೆ. ಹಂಚಿನ ಮಾಡಿನ ಕೆಳಗೆ, ದಟ್ಟ ಮರಗಳ ನಡುವೆ ಹತ್ತಾರು ಮೀಟರ್ ಆಚೀಚೆ ಆಗಬಹುದು. ಮ್ಯಾಪ್ ತೆರೆದರೆ ನೀವಿರುವಲ್ಲಿ ನೀಲಿ ಚುಕ್ಕೆ ಕಾಣುತ್ತದೆ. ಅದರ ಸುತ್ತ ತಿಳಿ ನೀಲಿ ವೃತ್ತ ದೊಡ್ಡದಾಗಿದ್ದರೆ ಫೋನಿಗೇ ಇನ್ನೂ ಅನುಮಾನ ಇದೆ ಎಂದರ್ಥ. ಅರ್ಧ ನಿಮಿಷ ಕಾಯಿರಿ, ವೃತ್ತ ಕುಗ್ಗುತ್ತದೆ. ಎಷ್ಟು ಕಾದರೂ ಕುಗ್ಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಮ್ಯಾಪ್ ಆ್ಯಪಿನ ಲೊಕೇಶನ್ ಅನುಮತಿ ನೋಡಿ. ಅಲ್ಲಿ Precise location ಆಫ್ ಆಗಿದ್ದರೆ ಆ್ಯಪಿಗೆ ಅಂದಾಜು ಜಾಗ ಮಾತ್ರ ಸಿಗುತ್ತದೆ.

ಈಗ ಮ್ಯಾಪನ್ನು ಚೆನ್ನಾಗಿ ಹಿಗ್ಗಿಸಿ, ಬೇಕಾದ ಜಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಸುಮ್ನೆ ತಟ್ಟಿದರೆ ಪಕ್ಕದ ಯಾವುದೋ ಅಂಗಡಿಯೋ ದೇವಸ್ಥಾನವೋ ತೆರೆದುಕೊಳ್ಳಬಹುದು. ಒತ್ತಿ ಹಿಡಿದರೆ ಕೆಂಪು ಪಿನ್ ಬಿದ್ದು Dropped pin ಎಂದು ಬರುತ್ತದೆ.

ನೀವು ಬೆಂಗಳೂರಿನಲ್ಲೋ ದುಬೈನಲ್ಲೋ ಇದ್ದು, ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಮಾತ್ರ ಇದ್ದರೆ Layers ಒತ್ತಿ Satellite ಹಾಕಿಕೊಳ್ಳಿ. ಮನೆ ಹುಡುಕಲು ಹೋಗಬೇಡಿ, ಮಾಡು ಎಲ್ಲವೂ ಮೇಲಿಂದ ಒಂದೇ ಥರ ಕಾಣುತ್ತದೆ. ನಿಮಗೆ ಗೊತ್ತಿರುವ ಡಾಂಬರು ರಸ್ತೆಯಿಂದ ಶುರು ಮಾಡಿ, ದಾರಿಯನ್ನೇ ಹಿಡಿದುಕೊಂಡು ಬನ್ನಿ. ಕೆರೆ, ಗದ್ದೆ ಬಯಲು, ಅಡಿಕೆ ತೋಟದ ಕಡು ಹಸಿರು ಪಟ್ಟಿ, ಆಮೇಲೆ ಅಂಗಳ ಸಿಗುತ್ತದೆ. ಚಿತ್ರ ಹಳೆಯದಿರಬಹುದು ಎಂಬುದು ನೆನಪಿರಲಿ. ಹೊಸ ಮನೆಯಾದರೆ ಅಲ್ಲಿ ಬರೀ ಬೇಣ ಕಂಡೀತು.

ಡ್ರೈವರ್ ಆಗಿ ನೋಡುವುದು

ಹೆಚ್ಚಿನವರು ಬಿಡುವುದು ಇದನ್ನೇ. ನಾನೂ ಬಿಟ್ಟಿದ್ದೆ.

ಕಳಿಸುವ ಮೊದಲು ಪಿನ್ ಒತ್ತಿ Directions ಗೆ ಹೋಗಿ. ಹೊರಡುವ ಜಾಗ ಅಂತ ಇರುವಲ್ಲಿ Your location ತೆಗೆದು, ಡ್ರೈವರ್ ಎಲ್ಲಿಂದ ಬರುತ್ತಾನೋ ಆ ಊರು ಹಾಕಿ. ಕಾರಿನ ಗುರುತನ್ನೇ ಆರಿಸಿಕೊಳ್ಳಿ. ಬೈಕಿನದಾದರೆ ಗಾಡಿ ಹೋಗದ ಸಂದಿಯಲ್ಲೂ ದಾರಿ ತೋರಿಸೀತು. ಆಮೇಲೆ ಕೊನೆಯ ಒಂದು ಕಿಲೋಮೀಟರನ್ನು ಮಾತ್ರ ಹಿಗ್ಗಿಸಿ ನೋಡಿ. ನೀಲಿ ಗೆರೆ ಎಲ್ಲಿ ಮುಗಿಯುತ್ತದೆ? ಅಲ್ಲಿಂದ ಪಿನ್ನಿನವರೆಗೆ ಸಣ್ಣ ಚುಕ್ಕೆಗಳ ಸಾಲು ಇದೆಯಾ? ಆ ಚುಕ್ಕೆ ಸಾಲು ಎಂದರೆ ‘ಇಲ್ಲಿಂದಾಚೆ ನನಗೆ ರಸ್ತೆ ಗೊತ್ತಿಲ್ಲ’ ಎಂದು ಮ್ಯಾಪ್ ಹೇಳುತ್ತಿದೆ. ಅದು ನಿಮ್ಮ ಗೇಟಿನೊಳಗೆ ಹತ್ತಡಿ ಇದ್ದರೆ ಚಿಂತೆಯಿಲ್ಲ. ಹಳ್ಳ ದಾಟುತ್ತಿದ್ದರೆ ಪಿನ್ ಬದಲಿಸಿ.

ನಮ್ಮ ಮನೆಯದನ್ನು ಮಾರನೇ ದಿನ ಹೀಗೆ ನೋಡಿದೆ. ಮನೆಯ ಮೇಲಿನ ಪಿನ್ನಿಗೆ ಸಾಗರದಿಂದ 14 ಕಿಲೋಮೀಟರ್ ಎಂದು ಬಂತು, ಗೆರೆ ಆಚೆ ದಡದಲ್ಲಿ ನಿಂತಿತ್ತು, ಚುಕ್ಕೆಗಳು ನೀರಿನ ಮೇಲೆ ನಡೆದಿದ್ದವು. ಪಿನ್ನನ್ನು ಈಚೆ ಕಡೆಯ ಡೈರಿ ಕ್ರಾಸಿಗೆ ತಂದೆ. ಈಗ 20 ಕಿಲೋಮೀಟರ್, ಗೆರೆ ಬೇರೆ ರಸ್ತೆಯಲ್ಲೇ ಬಂತು. ನಾವು ದಿನಾ ಓಡಾಡುವ ದಾರಿ ಅದು. ಆ ಕ್ರಾಸಿನಿಂದ ಮನೆಗೆ ಒಂದು ಕಿಲೋಮೀಟರ್ ಮಣ್ಣು ರಸ್ತೆ.

ಈ ಕಿಲೋಮೀಟರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಕಳಿಸುವುದು

ಪಿನ್ನಿನ ಕೆಳಗೆ Share ಒತ್ತಿ ವಾಟ್ಸ್‌ಆ್ಯಪ್‌ಗೆ ಕಳಿಸಿದರೆ ಲಿಂಕ್ ಹೋಗುತ್ತದೆ. ಇದೇ ಒಳ್ಳೆಯದು. ವಾಟ್ಸ್‌ಆ್ಯಪ್‌ನಲ್ಲೇ ಇರುವ Send your current location ಒತ್ತಿದರೆ ಆ ಕ್ಷಣದಲ್ಲಿ ನೀವೆಲ್ಲಿದ್ದೀರೋ ಅದು ಹೋಗುತ್ತದೆ. ಪೇಟೆಯಲ್ಲಿ ತರಕಾರಿ ಕೊಳ್ಳುತ್ತಾ ಅದನ್ನು ಒತ್ತಿ, ಗಾಡಿ ತರಕಾರಿ ಅಂಗಡಿಗೇ ಬಂದು ನಿಂತದ್ದನ್ನು ಕಂಡಿದ್ದೇನೆ. ಲೈವ್ ಲೊಕೇಶನ್ ಬೇರೆಯೇ ಸಂಗತಿ. ಅದು ನಿಮ್ಮ ಫೋನ್ ಹೋದಲ್ಲೆಲ್ಲ ಹೋಗುತ್ತದೆ, 15 ನಿಮಿಷ, 1 ಗಂಟೆ ಅಥವಾ 8 ಗಂಟೆ. ನೀವೇ ಕ್ರಾಸಿನಲ್ಲಿ ಬಂದು ನಿಲ್ಲುವುದಾದರೆ ಸರಿ, ಇಲ್ಲದಿದ್ದರೆ ಬೇಡ. ಆ್ಯಪಿನಲ್ಲಿ ಕ್ಯಾಬ್ ಬುಕ್ ಮಾಡಿದ್ದರೆ ಡ್ರೈವರ್ ನೋಡುವುದು ಆ ಆ್ಯಪಿನ ಪಿನ್ನನ್ನೇ. ಹಾಗಾಗಿ ಬುಕ್ ಮಾಡುವಾಗಲೇ ಅಲ್ಲಿನ ಪಿನ್ನನ್ನು ಸರಿ ಜಾಗಕ್ಕೆ ಎಳೆದಿಡಿ.

ಲಿಂಕ್ ತೆರೆಯಲು ನೆಟ್ ಬೇಕು. ಮಲೆನಾಡಿನಲ್ಲಿ ಅದೊಂದು ಕಷ್ಟ, ಅಲ್ವಾ? ಅದಕ್ಕೆ ಜೊತೆಯಲ್ಲಿ ಒಂದು ಎಸ್ಸೆಮ್ಮೆಸ್ಸಿನಲ್ಲಿ ಅಂಕಿಗಳನ್ನೂ ಕಳಿಸಿ. ಪಿನ್ ಹಾಕಿದಾಗ ಹುಡುಕುವ ಪಟ್ಟಿಯಲ್ಲೋ ಕೆಳಗಿನ ವಿವರದಲ್ಲೋ ಎರಡು ಸಂಖ್ಯೆ ಕಾಣುತ್ತವೆ. ಜೋಗದ ಹತ್ತಿರದ ಒಂದು ಜಾಗದ್ದು ಹೀಗಿರುತ್ತದೆ:

```
14.22940, 74.81230
```

ಇದನ್ನು ಹಾಗೇ ಮ್ಯಾಪಿನ ಹುಡುಕುವ ಜಾಗದಲ್ಲಿ ಹಾಕಿದರೆ ಪಿನ್ ಬೀಳುತ್ತದೆ. ಚುಕ್ಕೆಯ ನಂತರ ಐದು ಅಂಕಿ ಇದ್ದರೆ ಸುಮಾರು ಒಂದು ಮೀಟರಿನಷ್ಟು ನಿಖರ. ಮೂರಕ್ಕೆ ಇಳಿಸಿದರೆ ನೂರು ಮೀಟರ್ ಹೋಯಿತು. ಮೊದಲಿನದು ಅಕ್ಷಾಂಶ, ಕರ್ನಾಟಕದಲ್ಲಿ 11ರಿಂದ 18ರ ಆಸುಪಾಸು. ಎರಡನೆಯದು ರೇಖಾಂಶ, 74ರಿಂದ 78. ಹಿಂದುಮುಂದು ಮಾಡಿದರೆ ಶಾಮಿಯಾನ ನಾರ್ವೆಯ ಉತ್ತರಕ್ಕೆ ಸಮುದ್ರದಲ್ಲಿ ಇಳಿಯುತ್ತದೆ.

ಅಂಕಿ ಓದಿ ಹೇಳುವುದು ಕಷ್ಟ ಎನಿಸಿದರೆ ಅಲ್ಲೇ ಪ್ಲಸ್ ಕೋಡ್ ಕೂಡ ಇರುತ್ತದೆ. ಮೇಲಿನ ಜಾಗದ್ದು 7J6P6RH6+QW. ಇದು ಸುಮಾರು 14 ಮೀಟರ್ ಉದ್ದಗಲದ ಚೌಕವನ್ನು ತೋರಿಸುತ್ತದೆ. ಮ್ಯಾಪ್ ಸಾಮಾನ್ಯವಾಗಿ ಮೊದಲ ನಾಲ್ಕು ಅಕ್ಷರ ಬಿಟ್ಟು 6RH6+QW ಎಂದು ಚಿಕ್ಕದಾಗಿ, ಪಕ್ಕದಲ್ಲಿ ಊರ ಹೆಸರು ಸೇರಿಸಿ ಕೊಡುತ್ತದೆ. ಆ ಊರ ಹೆಸರನ್ನು ಬಿಡಬೇಡಿ. ಬಿಟ್ಟರೆ ಬೆಂಗಳೂರಿನಲ್ಲಿ ಕೂತ ಡ್ರೈವರ್‌ಗೆ ಬೆಂಗಳೂರಿನ ಸುತ್ತಲಿನ ಯಾವುದೋ 6RH6+QW ಸಿಗುತ್ತದೆ.

ಹೊರಡುವ ಮೊದಲು ಒಂದು ಪ್ರಶ್ನೆ

‘ಲೊಕೇಶನ್ ಬಂತಾ?’ ಎಂದು ಕೇಳಬೇಡಿ. ಬಂತು ಅಂತಲೇ ಹೇಳುತ್ತಾರೆ. ‘ತೆರೆದು ನೋಡಿ, ಎಷ್ಟು ಕಿಲೋಮೀಟರ್ ತೋರಿಸ್ತಿದೆ?’ ಎಂದು ಕೇಳಿ. ನೀವು ಬರೆದಿಟ್ಟುಕೊಂಡ ಸಂಖ್ಯೆಗೆ ಹತ್ತಿರ ಇದ್ದರೆ ಸರಿ. ನಮ್ಮ ಮನೆಗೆ 20 ಬದಲು 14 ಎಂದರೆ, ಹಳೆಯ ಪಿನ್ ಇಟ್ಟುಕೊಂಡಿದ್ದಾನೆ ಎಂದು ಅಲ್ಲೇ ತಿಳಿಯುತ್ತದೆ.

ಜೊತೆಗೆ ನಾಲ್ಕು ಸಾಲು ಬರೆದು ಕಳಿಸಿ. ನಾನು ಈಗ ಕಳಿಸುವುದು ಇದು:

‘ಪಿನ್ ಡೈರಿ ಕ್ರಾಸಿನದು. ಸಾಗರದಿಂದ ಬರುವಾಗ ಎಡಗಡೆ ಹಾಲಿನ ಡೈರಿ, ಎದುರಿಗೆ ಬಸ್‌ಸ್ಟಾಪ್ ಶೆಡ್. ಡೈರಿ ಪಕ್ಕದ ಮಣ್ಣು ರಸ್ತೆಗೆ ಎಡಕ್ಕೆ ತಿರುಗಿ. ಒಂದು ಕಿಮೀ ನೇರ, ಬಲಕ್ಕೆ ನೀಲಿ ಗೇಟು. ಕಾಲುಸಂಕ ಸಿಕ್ಕರೆ ದಾರಿ ತಪ್ಪಿದೆ. ಡೈರಿ ದಾಟಿದ ಮೇಲೆ ಸಿಗ್ನಲ್ ಇಲ್ಲ, ಅಲ್ಲಿಂದಲೇ ಫೋನ್ ಮಾಡಿ.’

ಎಡ ಬಲ ಎಲ್ಲವೂ ಬರುವವನ ಕಡೆಯಿಂದ. ನಮ್ಮೂರಿನವರು ಮನೆಯ ಜಗಲಿಯಲ್ಲಿ ನಿಂತ ಹಾಗೆ ಬಲಗಡೆ ಅನ್ನುತ್ತಾರೆ, ಅವನಿಗೆ ಅದು ಎಡ. ಗುರುತುಗಳು ರಾತ್ರಿಯೂ ಕಾಣುವಂಥವಾಗಿರಲಿ. ‘ಮೊದಲು ಶಾಲೆ ಇತ್ತಲ್ಲ, ಅಲ್ಲಿ’ ಎಂಬುದು ಗುರುತಲ್ಲ. ಸಿಗ್ನಲ್ ಇರುವಾಗಲೇ ನ್ಯಾವಿಗೇಶನ್ ಶುರು ಮಾಡಿಕೊಂಡು ಬರಲು ಹೇಳಿ. ಆಮೇಲೆ ನೆಟ್ ಹೋದರೂ ನೀಲಿ ಗೆರೆ ಸಾಮಾನ್ಯವಾಗಿ ಉಳಿದಿರುತ್ತದೆ. ದಾರಿ ತಪ್ಪಿದರೆ ಮಾತ್ರ, ಆ ಕಡೆಯ ಮ್ಯಾಪ್ ಮೊದಲೇ ಡೌನ್‌ಲೋಡ್ ಆಗಿರದಿದ್ದರೆ, ಹೊಸ ದಾರಿ ಹುಡುಕಲಾಗದೆ ಒದ್ದಾಡುತ್ತದೆ.

ಆ ರಾತ್ರಿ ಕುರ್ಚಿಗಳು ಬರುವಾಗ ಒಂಬತ್ತೂವರೆ. ಎರಡು ದಿನ ಬಿಟ್ಟು ವಾಪಸ್ ತುಂಬಿಸಿಕೊಂಡು ಹೋಗಲು ಅದೇ ಡ್ರೈವರ್ ಬಂದ, ಹೊಸ ಪಿನ್ ಹಿಡಿದುಕೊಂಡು, ಒಂದು ಫೋನನ್ನೂ ಮಾಡದೆ. ಚಹಾ ಕುಡಿಯುವಾಗ ಅವನ ಫೋನ್ ನೋಡಿದೆ. ಆ ಪಿನ್ನನ್ನು ಸೇವ್ ಮಾಡಿಕೊಂಡು ಹೆಸರೂ ಕೊಟ್ಟಿದ್ದ: ‘ಹಳ್ಳದಾಚೆ ಮನೆ’.