ಬೆಳಗಿನ ಜಾವದ ಕಣ್ಣೂರು ಏರ್‌ಪೋರ್ಟ್ ಟ್ರಿಪ್: ಡ್ರೈವರ್‌ಗೆ ನಾನು ಹೇಳುವುದು ಹೀಗೆ

ನಮ್ಮದು ಕೊಡಗಿನ ಅಮ್ಮತ್ತಿ ಹತ್ತಿರದ ಕಾಫಿ ತೋಟ. ಅಕ್ಕನ ಮನೆಯವರು ಅಬುಧಾಬಿಯಲ್ಲಿರುವುದರಿಂದ ಅವರನ್ನು ಕಳಿಸಿಕೊಡುವ ಏರ್ಪಾಡು ಪ್ರತಿ ಸಲವೂ ನನ್ನದೇ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆ ಕಡೆಯವರಿಗೆ ಅದೇ ಹತ್ತಿರ. ಆದರೆ ಇಲ್ಲಿನ ಡ್ರೈವರ್‌ಗಳು ಮಂಗಳೂರಿಗೂ ಹೋಗುತ್ತಾರೆ, ಬೆಂಗಳೂರಿಗೂ ಹೋಗುತ್ತಾರೆ. ಅದಕ್ಕೇ ಬರೀ ‘ಏರ್‌ಪೋರ್ಟ್’ ಅಂತ ಹೇಳಿ ಬಿಡುವುದಿಲ್ಲ. ‘ಕಣ್ಣೂರು ಏರ್‌ಪೋರ್ಟ್, ಮಟ್ಟನ್ನೂರು’ ಅಂತ ಪೂರ್ತಿ ಹೇಳುತ್ತೇನೆ. ನಿಲ್ದಾಣ ಇರುವುದು ಮಟ್ಟನ್ನೂರಿನಲ್ಲಿ, ಕಣ್ಣೂರು ಪೇಟೆ ಇನ್ನೂ ಮುಂದೆ. ಹೊಸ ಡ್ರೈವರ್ ಆದರೆ, ಕೇರಳಕ್ಕೆ ಹೋಗುವ ಪರ್ಮಿಟ್ ಗಾಡಿಗೆ ಇದೆಯೇ ಅಂತಲೂ ಮೊದಲೇ ಕೇಳುತ್ತೇನೆ.

ಹೊರಡುವ ಹೊತ್ತನ್ನು ನಾನು ವಿಮಾನದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಒಂದು ಜುಲೈಯದ್ದೇ ಹೇಳುತ್ತೇನೆ. ವಿಮಾನ ಬೆಳಿಗ್ಗೆ 8:15ಕ್ಕೆ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ಇರಬೇಕು, ಅಂದರೆ 5:15. ಮನೆಯಿಂದ ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ ಘಾಟಿ, ಇರಿಟ್ಟಿ, ಮಟ್ಟನ್ನೂರು. ಒಣ ದಿನದಲ್ಲಿ ಎರಡು ಗಂಟೆ ಚಿಲ್ಲರೆ ಸಾಕು. ಮಳೆಗಾಲದಲ್ಲಿ ಘಾಟಿಯಲ್ಲಿ ಮಂಜು ಕವಿದಿರುತ್ತದೆ, ಮರ ಬೀಳುತ್ತದೆ, ಆನೆ ದಾರಿಗೆ ಬಂದರೆ ಅದು ಸರಿಯುವ ತನಕ ನಿಲ್ಲಲೇಬೇಕು. ಅದಕ್ಕೆ ಅರ್ಧ ಗಂಟೆ ಸೇರಿಸಿ 2:30ಕ್ಕೆ ಹೊರಡುವುದು ಅಂತ ಇಟ್ಟುಕೊಂಡೆ. ಡ್ರೈವರ್‌ಗೆ 2:30 ಒಂದನ್ನೇ ಹೇಳಿದರೆ ಸಾಲದು, ವಿಮಾನದ ಹೊತ್ತೂ ಗೊತ್ತಿರಬೇಕು. ದಾರಿಯಲ್ಲಿ ತಡವಾದಾಗ ಚಹಾಕ್ಕೆ ನಿಲ್ಲಿಸಬಹುದೋ ಬೇಡವೋ ಅಂತ ಆಗ ಅವರೇ ಲೆಕ್ಕ ಹಾಕುತ್ತಾರೆ.

ಎಲ್ಲಕ್ಕಿಂತ ಎಡವಟ್ಟಾಗುವುದು ದಿನದ ವಿಷಯದಲ್ಲಿ. ‘ಭಾನುವಾರ ರಾತ್ರಿ ಎರಡೂವರೆ’ ಅಂದರೆ ಒಬ್ಬರಿಗೆ ಶನಿವಾರ ಮಲಗಿ ಎದ್ದ ಮೇಲೆ, ಇನ್ನೊಬ್ಬರಿಗೆ ಭಾನುವಾರ ಊಟ ಮುಗಿದ ಮೇಲೆ. ಇಪ್ಪತ್ನಾಲ್ಕು ಗಂಟೆ ವ್ಯತ್ಯಾಸ! ಹಾಗಾಗಿ ಎರಡೂ ದಿನದ ಹೆಸರು ಬರೆಯುತ್ತೇನೆ. ಕಳಿಸಿದ ಮೆಸೇಜು ಇದು:

‘ಅಣ್ಣಾ, ಜುಲೈ 14 ಭಾನುವಾರ ಬೆಳಗಿನ ಜಾವ 2:30ಕ್ಕೆ ಹೊರಡೋದು. ಶನಿವಾರ ರಾತ್ರಿ ಮಲಗಿ ಎದ್ದು ಬರೋದು. ಕಣ್ಣೂರು ಏರ್‌ಪೋರ್ಟ್, ಮಟ್ಟನ್ನೂರು. ವಿಮಾನ 8:15, ನಾವು 5:15ಕ್ಕೆ ಅಲ್ಲಿರಬೇಕು. ಮೂರು ಜನ, ದೊಡ್ಡ ಪೆಟ್ಟಿಗೆ ನಾಲ್ಕು. ಹತ್ತೋದು ಟಾರ್ ರಸ್ತೆಯ ಬಸ್ ತಂಗುದಾಣದ ಹತ್ತಿರ, ತೋಟದ ಒಳಗೆ ಬರಬೇಡಿ. ಮನೆಯ ಲ್ಯಾಂಡ್‌ಲೈನ್ ನಂಬರ್ ಕೆಳಗೆ ಇದೆ. ನನ್ನ ಮೊಬೈಲ್ ಸಿಗದಿದ್ದರೆ ಅದಕ್ಕೇ ಮಾಡಿ.’

ಬಸ್ ತಂಗುದಾಣ ಯಾಕೆಂದರೆ, ಮ್ಯಾಪಿನಲ್ಲಿ ನಮ್ಮ ಮನೆಗೆ ಗುರುತು ಹಾಕಿದರೆ ಅದು ತೋಟದ ಹಿಂಬದಿಯ ಲೈನ್‌ಮನೆಗಳ ದಾರಿ ತೋರಿಸುತ್ತದೆ. ಮಳೆಗಾಲದಲ್ಲಿ ಆ ಮಣ್ಣು ದಾರಿಗೆ ಇಳಿದ ಕಾರು ಜೀಪಿಲ್ಲದೆ ಮೇಲೆ ಬರುವುದಿಲ್ಲ. ಪೆಟ್ಟಿಗೆಗಳನ್ನು ನಮ್ಮ ಜೀಪಿನಲ್ಲೇ ರಸ್ತೆಗೆ ತಂದಿಟ್ಟು, ತಂಗುದಾಣದಲ್ಲಿ ಟಾರ್ಚ್ ಹಿಡಿದು ನಿಲ್ಲುತ್ತೇವೆ.

ನಂಬರ್ ವಿಷಯಕ್ಕೆ ಬಂದರೆ, ಕರೆಂಟು ಹೋಗಿ ಸ್ವಲ್ಪ ಹೊತ್ತಾದರೆ ನಮ್ಮ ಕಡೆ ಟವರ್ ಸತ್ತೇ ಹೋಗುತ್ತದೆ. ಜುಲೈಯಲ್ಲಿ ಕರೆಂಟು ಹೋಗದ ರಾತ್ರಿಯೇ ಅಪರೂಪ. ಮನೆಯಲ್ಲಿ ಇನ್ನೂ 08274ರ ಲ್ಯಾಂಡ್‌ಲೈನ್ ಉಳಿಸಿಕೊಂಡಿರುವುದು ಇಂಥ ರಾತ್ರಿಗಳಿಗೇ. ಅಕ್ಕನ ಅಬುಧಾಬಿ ನಂಬರನ್ನಂತೂ ಕೊಡುವುದೇ ಇಲ್ಲ. ವೈಫೈ ಇಲ್ಲದ ಕಡೆ ಅದಕ್ಕೆ ವಾಟ್ಸಾಪ್ ಕರೆಯೂ ಹೋಗುವುದಿಲ್ಲ.

ಡ್ರೈವರ್ ಹೆಬ್ಬೆರಳಿನ ಚಿತ್ರ ಕಳಿಸಿದರೆ ಕೆಲಸ ಮುಗಿಯಿತು ಅಂತ ನಾನು ಸುಮ್ಮನಾಗುವುದಿಲ್ಲ. ಶನಿವಾರ ಸಂಜೆ ಫೋನ್ ಮಾಡಿ, ‘ಅಣ್ಣಾ, ಎಷ್ಟು ಗಂಟೆಗೆ, ಎಲ್ಲಿಗೆ ಬರ್ತೀರಿ?’ ಅಂತ ಅವರ ಬಾಯಿಂದಲೇ ಹೇಳಿಸುತ್ತೇನೆ. ಆಮೇಲೆ, ‘ಈವತ್ತು ಬೇರೆ ಟ್ರಿಪ್ ಉಂಟಾ?’ ಅಂತ ಕೇಳುತ್ತೇನೆ. ಬೆಂಗಳೂರಿಗೆ ಹೋಗಿ ರಾತ್ರಿ ಹನ್ನೊಂದಕ್ಕೆ ವಾಪಸ್ ಬರುವವರಾದರೆ, ಎಷ್ಟೇ ಪರಿಚಯದವರಾದರೂ ಬೇರೆಯವರನ್ನು ಗೊತ್ತು ಮಾಡುತ್ತೇನೆ. ನಿದ್ದೆಗೆಟ್ಟವರ ಕೈಗೆ ಆ ಘಾಟಿಯ ತಿರುವುಗಳನ್ನು ಕೊಡಲು ನನಗೆ ಧೈರ್ಯ ಇಲ್ಲ.

ಈ ಡ್ರೈವರ್ ಮನೆ ಸಿದ್ದಾಪುರ, ಅಲ್ಲಿಂದ ನಮ್ಮಲ್ಲಿಗೆ ಇಪ್ಪತ್ತು ನಿಮಿಷ. ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಲ್ಯಾಂಡ್‌ಲೈನಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು ಅಂತ ಮಾತು. 2:10ರ ಒಳಗೆ ಅದು ಬರದಿದ್ದರೆ ನಾನೇ ಮಾಡುತ್ತೇನೆ. ಎರಡು ಸಲ ರಿಂಗಾಗಿಯೂ ಎತ್ತದಿದ್ದರೆ ಅಮ್ಮತ್ತಿಯ ಇನ್ನೊಬ್ಬ ಡ್ರೈವರ್‌ಗೆ ಫೋನ್; ಅವರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿಟ್ಟಿರುತ್ತೇನೆ. ಆ ಭಾನುವಾರ 2:05ಕ್ಕೇ ಮಿಸ್ಡ್ ಕಾಲ್ ಬಂತು, ನಾವು ಜೀಪಿಗೆ ಪೆಟ್ಟಿಗೆ ಏರಿಸಿದೆವು.