ಕೂಡುವಾಗ ನೋವೇ? ಮೊದಲು ‘ಎಲ್ಲಿ’ ಎಂದು ನೋಡಿಕೊಳ್ಳಿ

ಡಾಕ್ಟರ ಮುಂದೆ ಕೂತು ‘ಅಲ್ಲಿ ನೋವು’ ಎಂದು ತಲೆ ತಗ್ಗಿಸುವ ಹೆಂಗಸರೇ ಜಾಸ್ತಿ. ಆದರೆ ಆ ‘ಅಲ್ಲಿ’ ಎಲ್ಲಿ ಎಂಬುದರಲ್ಲೇ ಅರ್ಧ ಉತ್ತರ ಇದೆ. ಯೋನಿಯ ಬಾಯಲ್ಲೇ ಉರಿಯುತ್ತದೆಯೋ, ಒಳಗೆ ಕಿಬ್ಬೊಟ್ಟೆಯಲ್ಲಿ ನೋಯುತ್ತದೆಯೋ? ಅದನ್ನು ಮೊದಲು ಗಮನಿಸಿ.

ಬಾಯಲ್ಲಿ ನೋವಿದ್ದರೆ: ಹೆರಿಗೆಯಾಗಿ ನಾಲ್ಕು ತಿಂಗಳಾದ, ಮಗುವಿಗೆ ಹಾಲು ಕುಡಿಸುತ್ತಿರುವ ತಾಯಿಯನ್ನೇ ತೆಗೆದುಕೊಳ್ಳಿ. ಹಾಲೂಡಿಸುವ ದಿನಗಳಲ್ಲಿ ಈಸ್ಟ್ರೊಜೆನ್ ಹಾರ್ಮೋನು ಇಳಿದಿರುತ್ತದೆ. ಮನಸ್ಸಿದ್ದರೂ ಪಸೆ ಬರುವುದಿಲ್ಲ. ಗಂಡ ‘ಇವಳಿಗೆ ಇಷ್ಟವಿಲ್ಲ’ ಅಂದುಕೊಳ್ಳುತ್ತಾನೆ, ಪಾಪ, ಇಬ್ಬರಿಗೂ ಕಾರಣ ಗೊತ್ತಿರುವುದಿಲ್ಲ. ಇಲ್ಲಿ ಮೊದಲು ನೀರಿನ ಆಧಾರದ ಜೆಲ್ ಬಳಸಿ ನೋಡಬಹುದು. ಕಾಂಡೋಮ್ ಬಳಸುವವರು ಕೊಬ್ಬರಿ ಎಣ್ಣೆ ಹಚ್ಚಬಾರದು, ರಬ್ಬರ್ ಹರಿಯುತ್ತದೆ. ಸುತ್ತಲೂ ಉರಿಯದೆ ಹೊಲಿಗೆ ಹಾಕಿದ ಒಂದೇ ಜಾಗ ಚುರುಕ್ ಎನ್ನುತ್ತಿದ್ದರೆ ಅದು ಗಾಯದ ಕಲೆಯ ನೋವು, ಡಾಕ್ಟರಿಗೆ ತೋರಿಸಿ. ಮುಟ್ಟು ನಿಂತವರಿಗೂ ಇದೇ ಒಣಗುವಿಕೆ ಕಾಡುತ್ತದೆ. ಜೆಲ್ ಸಾಲದಿದ್ದರೆ ಡಾಕ್ಟರು ಹಾರ್ಮೋನ್ ಕ್ರೀಮ್ ಬರೆದುಕೊಡಬಹುದು.

ತುರಿಕೆಯ ಜೊತೆ ಮೊಸರಿನ ಗಟ್ಟಿಯಂಥ ಬಿಳಿ ಸ್ರಾವ ಇದ್ದರೆ ಸಾಮಾನ್ಯವಾಗಿ ಅದು ಫಂಗಸ್. ಇನ್ನು ಕೆಲವರಿಗೆ ಮುಟ್ಟುವ ಮೊದಲೇ ಸ್ನಾಯು ಬಿಗಿಯಾಗಿ ಬಾಗಿಲು ಹಾಕಿದಂತಾಗುತ್ತದೆ. ಅದು ಹಟವಲ್ಲ, ಬೇಕೆಂದು ಮಾಡುವುದೂ ಅಲ್ಲ. ಒತ್ತಾಯ ಮಾಡಿದಷ್ಟೂ ಬಿಗಿ ಹೆಚ್ಚುತ್ತದೆ. ಇದಕ್ಕೆ ಫಿಸಿಯೋಥೆರಪಿ ಇದೆ.

ಒಳಗೆ ನೋವಿದ್ದರೆ: ಒಂದೇ ಭಂಗಿಯಲ್ಲಿ ಯಾವಾಗಲೋ ಒಮ್ಮೆ ನೋಯುತ್ತದೆಯೇ? ಹೆಂಡತಿ ಮೇಲಿದ್ದು ಆಳವನ್ನು ತಾನೇ ಹಿಡಿತದಲ್ಲಿಟ್ಟುಕೊಂಡರೆ ಸಾಕಾಗಬಹುದು. ಆದರೆ ಪದೇಪದೇ ನೋವು ಬರುತ್ತಾ, ಮುಟ್ಟಿನ ದಿನಗಳಲ್ಲಿ ಹಾಸಿಗೆ ಬಿಟ್ಟೇಳಲಾಗದಂತಾಗುತ್ತಾ, ಆಗ ಮಲವಿಸರ್ಜನೆಗೂ ನೋಯುತ್ತಿದ್ದರೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೂ ಬೆಳೆಯುವ ಕಾಯಿಲೆ, ಇರಬಹುದು. ಸ್ಕ್ಯಾನಿಂಗ್ ‘ನಾರ್ಮಲ್’ ಎಂದು ಬಂದರೂ ಈ ಕಾಯಿಲೆ ಇಲ್ಲ ಎಂದಾಗುವುದಿಲ್ಲ. ರಿಪೋರ್ಟ್ ನೋಡಿ ಸುಮ್ನೆ ಕೂರಬೇಡಿ.

ಕಾಯಬಾರದ ನೋವುಗಳು: ಜ್ವರ, ವಾಸನೆಯ ಸ್ರಾವ, ಕಿಬ್ಬೊಟ್ಟೆ ನೋವು ಒಟ್ಟಿಗೆ ಬಂದರೆ ಗರ್ಭಕೋಶ, ನಳಿಕೆಗಳಿಗೆ ಸೋಂಕು ತಗುಲಿರಬಹುದು, ಅಂದೇ ಹೋಗಿ. ಮುಟ್ಟು ತಪ್ಪಿದ್ದು, ಒಂದು ಬದಿ ನೋವು, ತಲೆಸುತ್ತು ಇದ್ದರೆ ಗರ್ಭ ನಳಿಕೆಯಲ್ಲಿ ನಿಂತಿರಬಹುದು. ಅರ್ಧ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಕೂಡುವಾಗಲೇ ಒಂದು ಬದಿಯಲ್ಲಿ ಥಟ್ಟನೆ ಜೋರು ನೋವು ಹುಟ್ಟಿ ಇಳಿಯದಿದ್ದರೂ ಅಷ್ಟೇ, ಅಂಡಾಶಯದ ಗುಳ್ಳೆ ಒಡೆದಿರಬಹುದು ಅಥವಾ ಅಂಡಾಶಯ ತಿರುಚಿಕೊಂಡಿರಬಹುದು. ಕೂಡಿದ ಮೇಲೆ ರಕ್ತ ಕಂಡರೆ, ನೋವಿಲ್ಲದಿದ್ದರೂ, ಗರ್ಭಕೋಶದ ಕೊರಳನ್ನು ಪರೀಕ್ಷೆ ಮಾಡಿಸಲೇಬೇಕು. ಮುಟ್ಟು ನಿಂತವರಿಗೆ ಒಂದು ಹನಿ ಕಂಡರೂ ಸಾಕು.

ಹೋಗುವಾಗ ಕಳೆದ ಮುಟ್ಟಿನ ತಾರೀಕು, ನೋವು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಪರೀಕ್ಷೆ ಹೊತ್ತಲ್ಲಿ ನರ್ಸ್ ಜೊತೆಗಿರಲಿ ಎಂದು ಕೇಳಬಹುದು. ನೋವಾದರೆ ‘ನಿಲ್ಲಿಸಿ’ ಅನ್ನಿ, ಅವರು ನಿಲ್ಲಿಸಬೇಕು.