0.31 ಎಂದು ಬರೆದ ಮೇಲೆ ಉಳಿಯುವ ಕೆಲಸ

ಹಾವೇರಿ ಕಡೆಯ ಹಳ್ಳಿಗಳಲ್ಲಿ ಸ್ವಸಹಾಯ ಸಂಘದ 84 ಮಹಿಳೆಯರನ್ನು ಮಾತಾಡಿಸಿ ಮಾಡಿದ ಸಣ್ಣ ಅಧ್ಯಯನ ನಮ್ಮದು. ಸಂಘಕ್ಕೆ ಸೇರಿ ಎಷ್ಟು ತಿಂಗಳಾಯಿತು, ಮನೆಯ ಖರ್ಚಿನ ವಿಷಯದಲ್ಲಿ ಅವರ ಮಾತು ಎಷ್ಟು ನಡೆಯುತ್ತದೆ ಎಂಬುದಕ್ಕೆ ಕೊಟ್ಟ ಅಂಕ, ಈ ಎರಡಕ್ಕೂ ಏನಾದರೂ ನಂಟಿದೆಯಾ ಅಂತ ನೋಡಬೇಕಿತ್ತು. ಮೊದಲು ಸ್ಕ್ಯಾಟರ್ ಪ್ಲಾಟ್ ಹಾಕಿದೆ. ಚುಕ್ಕಿಗಳು ಹರಡಿದ್ದರೂ ಸುಮಾರಾಗಿ ನೇರ ದಿಕ್ಕಿನಲ್ಲೇ ಏರುತ್ತಿದ್ದವು, ಎಲ್ಲರನ್ನೂ ಬಿಟ್ಟು ದೂರ ನಿಂತ ಚುಕ್ಕಿ ಇರಲಿಲ್ಲ. ಆಮೇಲೆ R ನಲ್ಲಿ ಈ ಒಂದು ಸಾಲು:

```
cor.test(d$tingalu, d$anka)
```

ಸಹಸಂಬಂಧ ಗುಣಾಂಕ 0.31 ಬಂತು. ಅದರ ಕೆಳಗೇ 95% ಕಾನ್ಫಿಡೆನ್ಸ್ ಇಂಟರ್ವಲ್ ಇತ್ತು, 0.10 ರಿಂದ 0.49. ಪ್ರಬಂಧದಲ್ಲಿ ಹೀಗೆ ಹಾಕಿದೆ:

```
r(82) = .31, 95% CI [.10, .49], p = .004
```

82 ಅಂದರೆ ಡಿಗ್ರೀಸ್ ಆಫ್ ಫ್ರೀಡಂ, 84ರಲ್ಲಿ ಎರಡು ಕಳೆದದ್ದು.

ಜೊತೆಗೆ ಬರೆಯುತ್ತಿದ್ದ ಧಾರವಾಡದ ಸರ್ ಕೇಳಿದರು, "p ಚಲೋ ಬಂದದಲ್ರೀ, ಮತ್ತ ಈ ಬ್ರ್ಯಾಕೆಟ್ ಯಾಕ ಬೇಕು?" p ಹೇಳುವುದು ಇಷ್ಟೇ: ನಂಟು ಸೊನ್ನೆ ಅಂದುಕೊಂಡರೆ ಇಂಥ ಡೇಟಾ ಸಿಗುವುದು ಅಪರೂಪ. ನಂಟು ಎಷ್ಟು ಅನ್ನುವುದಕ್ಕೆ ಬ್ರ್ಯಾಕೆಟ್ಟೇ ಬೇಕು. 0.10 ಅಂದರೆ ಇದ್ದೂ ಇಲ್ಲದಂಥ ನಂಟು. 0.49 ಅಂದರೆ ಸಮಾಜ ವಿಜ್ಞಾನದಲ್ಲಿ ದೊಡ್ಡದೇ. ನಮ್ಮ ಡೇಟಾ ಎರಡನ್ನೂ ತಳ್ಳಿಹಾಕುವುದಿಲ್ಲ.

ಇಂಟರ್ವಲ್ 0.31ರ ಎರಡೂ ಕಡೆ ಸಮ ಇಲ್ಲವಲ್ಲ ಅಂತಲೂ ಅವರು ಕೇಳಿದರು. ಗುಣಾಂಕ 1 ದಾಟುವಂತಿಲ್ಲ, ಹಾಗಾಗಿ ಮೇಲ್ಗಡೆ ಜಾಗ ಕಡಿಮೆ. ಫಿಶರ್ ರೂಪಾಂತರದಲ್ಲಿ ಲೆಕ್ಕ ಮಾಡಿ ವಾಪಸ್ ತಂದಾಗ ಹೀಗೆ ಒಂದು ಕಡೆ ಗಿಡ್ಡ ಆಗುತ್ತದೆ. ಸಮ ಇದ್ದರೇ ನಾನು ಅನುಮಾನ ಪಡುತ್ತಿದ್ದೆ.

ಇನ್ನು ಇದನ್ನು ಮಾತಿನಲ್ಲಿ ಹೇಳುವುದು. ಕೋಹೆನ್ ಸಣ್ಣ, ಮಧ್ಯಮ, ದೊಡ್ಡ ನಂಟಿಗೆ ಹೇಳಿದ 0.10, 0.30, 0.50 ಗೆರೆಗಳನ್ನು ಹಿಡಿದು "ಮಧ್ಯಮ ನಂಟು" ಅಂತ ಬರೆಯೋಣ ಅಂದರು ಸರ್. ಬೇರೆ ಆಧಾರ ಇಲ್ಲದಾಗ ಬಳಸಿ ಅಂತ ಕೋಹೆನ್ ಅವರೇ ಕೊಟ್ಟ ಗೆರೆಗಳು ಅವು. ನಮ್ಮ ಇಂಟರ್ವಲ್ ಸಣ್ಣದರಿಂದ ಹೆಚ್ಚುಕಡಿಮೆ ದೊಡ್ಡದರವರೆಗೆ ಚಾಚಿರುವಾಗ ಒಂದೇ ಹಣೆಪಟ್ಟಿ ಹೇಗೆ ಅಂಟಿಸುವುದು? ಕೊನೆಗೆ ಉಳಿದ ವಾಕ್ಯ ಇದು: "ಹೆಚ್ಚು ಕಾಲ ಸಂಘದಲ್ಲಿದ್ದವರ ಅಂಕ ಸರಾಸರಿಯಲ್ಲಿ ಹೆಚ್ಚಿತ್ತು, ಆದರೆ ಈ ನಂಟು ತೀರಾ ಸಣ್ಣದೂ ಇರಬಹುದು, ಗಣನೀಯವೂ ಇರಬಹುದು."

ಮಿತಿಗಳಲ್ಲಿ ಇನ್ನೊಂದು ಮಾತು ಸೇರಿಸಿದೆ. ಒಂದೇ ಸಂಘದವರು ಒಟ್ಟಿಗೆ ಕೂತು ಮಾತಾಡುವವರು, ಅವರ ಉತ್ತರಗಳು ಒಂದಕ್ಕೊಂದು ಹೋಲುತ್ತವೆ. ಸೂತ್ರ ಮಾತ್ರ 84 ಜನರನ್ನೂ ಬಿಡಿಬಿಡಿ ಅಂತಲೇ ಎಣಿಸುತ್ತದೆ. ಹಾಗಾಗಿ ನಿಜವಾದ ಇಂಟರ್ವಲ್ ಇದಕ್ಕಿಂತ ಅಗಲ ಇರುವ ಸಾಧ್ಯತೆಯೇ ಜಾಸ್ತಿ.

ಪ್ರಬಂಧದ ಶೀರ್ಷಿಕೆಯಲ್ಲಿದ್ದ "ಪರಿಣಾಮ" ಅನ್ನುವ ಪದವನ್ನೂ ತೆಗೆಸಿದೆ. ಮನೆಯಲ್ಲಿ ಮೊದಲೇ ಮಾತು ನಡೆಯುವವರೇ ಸಂಘದಲ್ಲಿ ಜಾಸ್ತಿ ಕಾಲ ಉಳಿದಿರಬಹುದು, ಅಲ್ವಾ? ಒಮ್ಮೆ ಮಾತ್ರ ಕೇಳಿದ ಸಮೀಕ್ಷೆಯಿಂದ ಯಾವುದು ಮೊದಲು ಅಂತ ತಿಳಿಯುವುದಿಲ್ಲ.